ಶನಿವಾರದ ಮೀಟಿಂಗ್ ಮುಗಿಯುವುದಿಲ್ಲ, ಹೇಳಿದ ಕೆಲಸ ಆಗುವುದಿಲ್ಲ

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮದೊಂದು ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಇದೆ. ಹಾಳೆ ತರಿಸುವವರು, ಪ್ರೆಸ್ ನೋಡುವವರು, ಪ್ಯಾಕಿಂಗ್, ರವಾನೆ, ಲೆಕ್ಕ ಎಲ್ಲ ಸೇರಿ ಒಂಬತ್ತು ಜನ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಕೂರುತ್ತೇವೆ. ಆರೂವರೆಯಾದರೂ ಮುಗಿಯುವುದಿಲ್ಲ. ಅಜೆಂಡಾ ಇದೆ: ಹಾಳೆ ಸಂಗ್ರಹ, ಉತ್ಪಾದನೆ, ಪ್ಯಾಕಿಂಗ್, ಲೆಕ್ಕ, ಇತರ. ತೀರ್ಮಾನಗಳನ್ನು ಪುಸ್ತಕದಲ್ಲಿ ಬರೆಯುತ್ತೇವೆ. ಆದರೂ ತಟ್ಟೆಗೆ ಬೂಷ್ಟು ಬರುವ ವಿಷಯ ಜೂನ್‌ನಿಂದ ಪ್ರತಿ ವಾರ ಮಾತಾಡಿದ್ದೇ ಬಂತು, ಏನೂ ಆಗಲಿಲ್ಲ. ಮಾವನವರು ಪಾಲುದಾರರು. ಅವರು ಮಾತಿಗೆ ತೊಡಗಿದರೆ ನಿಲ್ಲಿಸುವ ಧೈರ್ಯ ನನಗಿಲ್ಲ. ಏನು ಮಾಡಬೇಕು?
— ಒಬ್ಬ ಓದುಗರು, ಪೆರ್ಲ

ಉತ್ತರ: ಬೂಷ್ಟಿನ ವಿಷಯವನ್ನೇ ಹಿಡಿದುಕೊಂಡು ಹೋಗೋಣ. ಅದೊಂದು ಸರಿಯಾದರೆ ಉಳಿದದ್ದು ಅದೇ ದಾರಿಯಲ್ಲಿ ಸರಿಯಾಗುತ್ತದೆ.

ಒಂದು ವಿಷಯ ವಾರ ವಾರ ಮತ್ತೆ ಮತ್ತೆ ಬರುತ್ತಿದ್ದರೆ ಅದಕ್ಕೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ. ತೀರ್ಮಾನ ಮಾಡಲು ಬೇಕಾದ ಮಾಹಿತಿ ಕೂತವರ ಯಾರ ಕೈಯಲ್ಲೂ ಇಲ್ಲ. ಅಥವಾ ತೀರ್ಮಾನ ಮಾಡುವ ಅಧಿಕಾರ ಇರುವವರು ಅಲ್ಲಿಲ್ಲ. ಇವೆರಡೂ ಇದ್ದು ಕೆಲಸಕ್ಕೆ ಹೆಸರು ಬೀಳಲಿಲ್ಲ ಎಂಬುದು ಮೂರನೆಯದು. ನಿಮ್ಮಲ್ಲಿ ಪಾಲುದಾರರು ಸಭೆಯಲ್ಲೇ ಇದ್ದಾರೆ, ಹಾಗಾಗಿ ಅಧಿಕಾರದ ತೊಂದರೆ ಇರಲಾರದು. ಬೂಷ್ಟಿನಲ್ಲಿ ಮೊದಲನೆಯ ಮತ್ತು ಮೂರನೆಯ ಕಾರಣಗಳೆರಡೂ ಸೇರಿಕೊಂಡಿರುವ ಹಾಗಿದೆ.

ನಿಮ್ಮ ಸಭೆಯಲ್ಲಿ ಈ ಮಾತು ಹೇಗೆ ನಡೆಯುತ್ತಿರಬಹುದೆಂದು ಊಹಿಸುತ್ತೇನೆ. ಪ್ರೆಸ್ ನೋಡುವವರು ಹಾಳೆಯೇ ಹಸಿ ಇತ್ತು ಎನ್ನುತ್ತಾರೆ. ಹಾಳೆ ತರಿಸುವವರು ಬೇಸಿಗೆಯಲ್ಲಿ ಒಣಗಿಸಿಯೇ ತಂದದ್ದು, ಗೋಡೌನಿನ ನೆಲದ ಥಂಡಿ ಏರಿದೆ ಎನ್ನುತ್ತಾರೆ. ಪ್ಯಾಕಿಂಗಿನವರು ತಟ್ಟೆ ಬಿಸಿ ಆರುವ ಮೊದಲೇ ಕಟ್ಟಲು ಅವಸರ ಮಾಡುತ್ತೀರಿ ಎನ್ನುತ್ತಾರೆ. ರವಾನೆಯವರು ಅಂಗಡಿಯವರೇ ಸೋರುವ ಜಾಗದಲ್ಲಿ ಇಟ್ಟಿದ್ದಾರೆ ಎನ್ನುತ್ತಾರೆ. ನಾಲ್ಕೂ ನಿಜ ಇರಬಹುದು. ಯಾವುದು ಎಷ್ಟು ಎಂದು ಹೇಳುವ ಒಂದು ಅಂಕೆಯೂ ಮೇಜಿನ ಮೇಲೆ ಇಲ್ಲದಿದ್ದರೆ ಮೂರು ಗಂಟೆ ಕೂತರೂ ತೀರ್ಮಾನ ಆಗುವುದಿಲ್ಲ. ಕೊನೆಗೆ ಪುಸ್ತಕದಲ್ಲಿ "ಬೂಷ್ಟಿನ ಬಗ್ಗೆ ಎಲ್ಲರೂ ಗಮನ ಹರಿಸುವುದು" ಎಂದು ಬರೆದು ಏಳುತ್ತೀರಿ. ಎಲ್ಲರ ಹೆಸರಿನಲ್ಲಿರುವ ಕೆಲಸವನ್ನು ಯಾರೂ ಮಾಡುವುದಿಲ್ಲ. ಅದು ಸೋಮಾರಿತನದಿಂದಲ್ಲ. ನನ್ನ ಪಾಲಿನದು ಯಾವುದು ಎಂದು ಯಾರಿಗೂ ಗೊತ್ತಿಲ್ಲ, ಅಷ್ಟೇ.

ಇನ್ನು ಅಜೆಂಡಾ. ನೀವು ಬರೆದಿರುವ ಐದೂ ವಿಭಾಗಗಳ ಹೆಸರುಗಳು. "ಪ್ಯಾಕಿಂಗ್" ಎಂಬ ವಿಷಯ ಎಂದಾದರೂ ಮುಗಿಯುವುದುಂಟೇ? ಮುಗಿಯಿತೋ ಇಲ್ಲವೋ ಎಂದು ಹೇಳಲು ಬಾರದ ವಿಷಯಕ್ಕೆ ಸಮಯದ ಮಿತಿ ಹಾಕಿದರೂ ನಿಲ್ಲುವುದಿಲ್ಲ. ಅಜೆಂಡಾದ ಪ್ರತಿ ಸಾಲೂ ಉತ್ತರ ಕೊಡಬಹುದಾದ ಒಂದು ಪ್ರಶ್ನೆಯಾಗಿರಬೇಕು. "ಪ್ಯಾಕಿಂಗ್" ಬದಲು "ಬೂಷ್ಟು ಎಲ್ಲಿಂದ ಬರುತ್ತಿದೆ ಎಂದು ಗೊತ್ತುಮಾಡಿಕೊಳ್ಳಲು ಈ ವಾರ ಏನನ್ನು ಬರೆದಿಡಬೇಕು?" ಎಂದು ಬರೆಯಿರಿ. "ಹಾಳೆ ಸಂಗ್ರಹ" ಬದಲು "ಗೋಡೌನಿನಲ್ಲಿರುವ ಹಾಳೆ ನವರಾತ್ರಿವರೆಗೆ ಸಾಕೇ? ಸಾಲದಿದ್ದರೆ ಯಾವ ಆರ್ಡರ್ ಬಿಡುವುದು?" ಎಂದು ಬರೆಯಿರಿ. ಉತ್ತರ ಸಿಕ್ಕಿದ ಕೂಡಲೇ ಆ ವಿಷಯ ಮುಗಿಯಿತು ಎಂದು ಎಲ್ಲರಿಗೂ ತಾನಾಗಿ ತಿಳಿಯುತ್ತದೆ. "ಇತರ" ಎಂಬ ಸಾಲನ್ನು ತೆಗೆದುಬಿಡಿ. ಸಿದ್ಧತೆಯಿಲ್ಲದ ಮಾತೆಲ್ಲ ಬಂದು ಸೇರುವುದು ಅಲ್ಲಿಯೇ.

ಪ್ರಶ್ನೆ ತರುವವರು ಹಿಂದಿನ ಸಂಜೆಯೊಳಗೆ ಮೂರು ಸಾಲು ಬರೆದುಕೊಡಬೇಕು: ಏನಾಗಿದೆ, ಎಷ್ಟಾಗಿದೆ, ತನ್ನ ಸಲಹೆ ಏನು. ವಾಟ್ಸಾಪಿನಲ್ಲಿ ಕಳಿಸಿದರೂ ಸಾಕು, ಬರೆಯಲು ಕಷ್ಟವಾದವರು ನಿಮ್ಮ ಹತ್ತಿರ ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಮೂರು ಸಾಲು ಬರದಿದ್ದರೆ ಆ ಪ್ರಶ್ನೆ ಮುಂದಿನ ವಾರಕ್ಕೆ. ಇದರಲ್ಲಿ ಮಾತ್ರ ಸಡಿಲ ಬಿಡಬೇಡಿ. ಮೊದಲ ಎರಡು ವಾರ ಯಾರೂ ಬರೆಯುವುದಿಲ್ಲ, ಅವರ ವಿಷಯ ಬಿಟ್ಟುಹೋಗುತ್ತದೆ, ಮೂರನೆಯ ವಾರದಿಂದ ಬರೆಯುತ್ತಾರೆ. ಒಂದು ಸಭೆಗೆ ಇಂಥ ಪ್ರಶ್ನೆ ಎರಡು ಸಾಕು, ಮೂರು ಅತಿ ಹೆಚ್ಚು. ಯಾವ ಪ್ರಶ್ನೆಯೂ ಬಾರದ ವಾರ ಬಾಕಿ ಪಟ್ಟಿಯನ್ನಷ್ಟೇ ನೋಡಿ ಹತ್ತು ನಿಮಿಷದಲ್ಲಿ ಏಳಿ.

ಎಷ್ಟು ತಟ್ಟೆ ಒತ್ತಿದೆವು, ಎಷ್ಟು ಹಾಳಾಯಿತು, ಹಾಳೆ ಎಷ್ಟು ಉಳಿದಿದೆ, ಯಾವ ಆರ್ಡರ್ ಯಾವ ದಿನಕ್ಕೆ ಎಂಬ ನಾಲ್ಕು ಅಂಕೆಗಳು ಸಭೆಗೆ ಮೊದಲೇ ಗೋಡೆಯ ಬೋರ್ಡಿನಲ್ಲಿ ಇರಲಿ. ಒಬ್ಬೊಬ್ಬರೂ ತಮ್ಮ ವಿಭಾಗದ ವರದಿ ಓದುವ ಪದ್ಧತಿ ಇದ್ದರೆ ನಿಲ್ಲಿಸಿ. ಒಂಬತ್ತು ಜನ ಐದೈದು ನಿಮಿಷ ವರದಿ ಓದಿದರೆ ಮುಕ್ಕಾಲು ಗಂಟೆ ಅಲ್ಲಿಗೇ ಹೋಯಿತು. ಅಂಕೆ ನೋಡಿ ಏನಾದರೂ ವಿಚಿತ್ರ ಕಂಡರೆ ಮಾತ್ರ ಕೇಳುವುದು.

ದಿನವನ್ನೂ ಬದಲಿಸಿ. ಶನಿವಾರ ಸಂಜೆ ಬಟವಾಡೆಯ ಹೊತ್ತು, ಬಸ್ಸಿನ ಚಿಂತೆ, ಮೇಲಿನಿಂದ ಮಳೆ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಉಂಟು. ಶನಿವಾರ ಒಪ್ಪಿಕೊಂಡ ಕೆಲಸದ ಮೇಲೆ ಭಾನುವಾರ ಕಳೆಯುತ್ತದೆ, ಸೋಮವಾರ ಹೊಸ ವಾರದ ಗಡಿಬಿಡಿಯಲ್ಲಿ ಅದು ಹಿಂದೆ ಬೀಳುತ್ತದೆ. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಒಪ್ಪಿಕೊಂಡದ್ದನ್ನು ಅದೇ ದಿನ ಶುರು ಮಾಡಬಹುದು, ಮುಂದೆ ನಾಲ್ಕು ದಿನ ಕೈಯಲ್ಲಿರುತ್ತದೆ. ಶುಕ್ರವಾರ ಬೇಡ, ನಮ್ಮ ಕಡೆ ಜುಮ್ಮಾ ನಮಾಜಿಗೆ ಹೋಗುವವರಿದ್ದರೆ ಮಧ್ಯಾಹ್ನದ ಮೊದಲೇ ಅವಸರ ಶುರುವಾಗುತ್ತದೆ. ಈಗ ಒಂಬತ್ತು ಜನ ಎರಡೂವರೆ ಗಂಟೆ ಕೂರುತ್ತೀರಿ, ಅಂದರೆ ವಾರಕ್ಕೆ ಇಪ್ಪತ್ತೆರಡೂವರೆ ಗಂಟೆಯ ದುಡಿಮೆ. ಅದನ್ನು 45 ನಿಮಿಷಕ್ಕೆ ಇಳಿಸಿದರೆ ಏಳು ಗಂಟೆಯೂ ಆಗುವುದಿಲ್ಲ. ಪ್ರೆಸ್ ನಿಲ್ಲಿಸಿ ಬರುವವರಿಗೆ ಈ ಲೆಕ್ಕ ಹೇಳಿದರೆ ಬೆಳಗ್ಗಿನ ಹೊತ್ತಿಗೆ ಒಪ್ಪುತ್ತಾರೆ.

ಆ 45 ನಿಮಿಷವನ್ನು ನಾನು ಹೀಗೆ ಹಂಚುತ್ತೇನೆ. ಮೊದಲ 8 ನಿಮಿಷ ಹಿಂದಿನ ವಾರದ ಬಾಕಿ ಪಟ್ಟಿಗೆ. 5 ನಿಮಿಷ ಬೋರ್ಡಿನ ಅಂಕೆಗಳಿಗೆ. 15 ನಿಮಿಷ ಮೊದಲ ಪ್ರಶ್ನೆಗೆ, 10 ನಿಮಿಷ ಎರಡನೆಯದಕ್ಕೆ. ಉಳಿದ 7 ನಿಮಿಷ ಒಪ್ಪಿಕೊಂಡ ಕೆಲಸಗಳನ್ನು ಗಟ್ಟಿಯಾಗಿ ಓದಲು. ಕೊನೆಯ ಈ ಏಳು ನಿಮಿಷವನ್ನು ಯಾವ ಕಾರಣಕ್ಕೂ ಕಡಿಯಬೇಡಿ. ಹೊತ್ತು ಮೀರಿದಾಗ ಎಲ್ಲರೂ ಕೈ ಹಾಕುವುದು ಅದಕ್ಕೇ, ಕೆಲಸ ಕಳೆದುಹೋಗುವುದೂ ಅಲ್ಲೇ. ಕಷ್ಟದ ಪ್ರಶ್ನೆ ಮೊದಲು ಬರಲಿ, ಸುಲಭದ್ದು ಆಮೇಲೆ. ತಡವಾಗಿ ಬಂದವರಿಗೆ ಆದದ್ದನ್ನು ಮತ್ತೆ ಹೇಳಬೇಡಿ, ಸಭೆ ಮುಗಿದ ಮೇಲೆ ಪಟ್ಟಿ ನೋಡಿಕೊಳ್ಳಲಿ.

ಗಡಿಯಾರ ನಿಮ್ಮ ಕೈಯಲ್ಲಿ ಬೇಡ. ಸಭೆ ನಡೆಸುವವರೇ ಹೊತ್ತು ನೋಡಿದರೆ ಮಾತು ಕಡಿದ ಹಾಗೆ ಕಾಣುತ್ತದೆ. ಲೆಕ್ಕ ನೋಡುವವರ ಮೊಬೈಲಿನಲ್ಲಿ ಟೈಮರ್ ಇಡಲಿ, ಮುಗಿಯಲು ಎರಡು ನಿಮಿಷ ಇರುವಾಗ ಅದು ಹೊಡೆಯಲಿ. ಆಗ ನೀವು ಕೇಳಬೇಕಾದ್ದು ಒಂದೇ: "ಈಗಲೇ ತೀರ್ಮಾನ ಮಾಡುವುದೋ, ಇನ್ನು ಐದು ನಿಮಿಷ ಬೇಕೋ, ಇಬ್ಬರಿಗೆ ವಹಿಸುವುದೋ?" ಐದು ನಿಮಿಷ ಬೇಕೆಂದರೆ ಅದನ್ನು ಎರಡನೆಯ ಪ್ರಶ್ನೆಯಿಂದ ತೆಗೆಯಬೇಕು, ಅದನ್ನು ಬಾಯಿಬಿಟ್ಟು ಹೇಳಿ. ಇಬ್ಬರಿಗೆ ವಹಿಸಿದರೆ ಅವರು ಗುರುವಾರ ಕೂತು ಒಂದು ಸಲಹೆ ತಯಾರಿಸಿ ಮುಂದಿನ ವಾರ ತರಬೇಕು. ಸಲಹೆ ಹೇಳುವ ಹೊಣೆ ಆ ಇಬ್ಬರಲ್ಲಿ ಒಬ್ಬರದು. ಯಾರದೆಂದು ಅಲ್ಲಿಯೇ ಹೆಸರು ಹಾಕಿ.

ನಿಮ್ಮ ಮಾವನವರ ವಿಷಯ. ಎಲ್ಲರ ಎದುರು ಹಿರಿಯರನ್ನು ತಡೆಯುವುದು ಬೇಡವೇ ಬೇಡ. ಹಿಂದಿನ ದಿನ ಮನೆಯಲ್ಲೇ ಕೂತು ಮೂರು ಸಾಲಿನ ಪ್ರಶ್ನೆಗಳನ್ನು ಅವರಿಗೆ ತೋರಿಸಿ, ಅವರಿಗೆ ಗೊತ್ತಿರುವುದನ್ನು ಅಲ್ಲೇ ಕೇಳಿಕೊಳ್ಳಿ. ಉದ್ದ ಮಾತಾಡುವ ಹಿರಿಯರು ಬಹಳ ಸಲ ಹಾಗೆ ಮಾತಾಡುವುದು ಬೇರೆಲ್ಲೂ ತಮ್ಮನ್ನು ಯಾರೂ ಕೇಳುವುದಿಲ್ಲ ಎಂಬ ಕಾರಣಕ್ಕೆ. ಆಮೇಲೆ ಹೀಗೆ ಕೇಳಿ: "ಮಾವ, ನೀವು ಮೊದಲು ಹೇಳಿದರೆ ಬೇರೆಯವರು ಬಾಯಿ ಬಿಡುವುದಿಲ್ಲ. ಪ್ರೆಸ್ಸಿನವರು, ಪ್ಯಾಕಿಂಗಿನವರು ಮೊದಲು ಹೇಳಲಿ, ಕೊನೆಗೆ ನೀವು ಹೇಳಿ." ಇದು ಬರೀ ಉಪಾಯವಲ್ಲ, ನಿಜವಾಗಿಯೂ ಬೇಕಾದ ಕ್ರಮ. ಪಾಲುದಾರರು ಮೊದಲೇ "ಇದು ಗೋಡೌನಿನ ಥಂಡಿಯೇ" ಅಂದುಬಿಟ್ಟರೆ ಪ್ಯಾಕಿಂಗಿನ ಹೆಂಗಸು ತಾನು ಕಣ್ಣಾರೆ ಕಂಡದ್ದನ್ನು ನುಂಗಿಕೊಳ್ಳುತ್ತಾಳೆ. ಕೆಲಸಕ್ಕೆ ಹತ್ತಿರ ಇರುವವರು ಮೊದಲು, ಹಿರಿಯರು ಕೊನೆಗೆ. ಕೊನೆಯ ಮಾತು ಹಿರಿಯರದು ಎಂಬುದರಲ್ಲಿ ಅವರ ಮರ್ಯಾದೆಯೂ ಉಳಿಯುತ್ತದೆ, ಅಷ್ಟು ಹೊತ್ತಿಗೆ ಉಳಿದಿರುವ ನಿಮಿಷಗಳೂ ಕಡಿಮೆ.

ಈಗ ಬೂಷ್ಟಿನ ಪ್ರಶ್ನೆಯನ್ನು ಈ ಹದಿನೈದು ನಿಮಿಷದಲ್ಲಿ ನಡೆಸಿ ನೋಡೋಣ. ಪ್ಯಾಕಿಂಗಿನವರ ಮೂರು ಸಾಲು ಹೀಗಿದೆ ಎಂದಿಟ್ಟುಕೊಳ್ಳಿ: ಹೋದ ವಾರ ಎರಡು ಅಂಗಡಿಗಳಿಂದ ಪೆಟ್ಟಿಗೆ ಹಿಂದೆ ಬಂತು, ಒಟ್ಟು ಏಳು ಪೆಟ್ಟಿಗೆ, ಯಾವ ದಿನ ಒತ್ತಿದ ತಟ್ಟೆ ಎಂದು ಗೊತ್ತಾಗುತ್ತಿಲ್ಲ, ಪೆಟ್ಟಿಗೆಯ ಮೇಲೆ ದಿನಾಂಕ ಹಾಕಬೇಕು. ಈ ಮೂರನೆಯ ಸಾಲಿನಲ್ಲೇ ಬೀಗದ ಕೈ ಇದೆ. ಒತ್ತಿದ ದಿನ, ಯಾವ ಪ್ರೆಸ್, ಕಟ್ಟುವ ಮೊದಲು ಎಷ್ಟು ಹೊತ್ತು ಒಣಗಿಸಿದ್ದು ಎಂಬ ಮೂರು ಸಂಗತಿ ಪೆಟ್ಟಿಗೆಯ ಮೇಲಿದ್ದರೆ, ಮುಂದಿನ ಸಲ ಹಿಂದೆ ಬಂದ ಪೆಟ್ಟಿಗೆಯೇ ಉತ್ತರದ ಅರ್ಧ ಹೇಳುತ್ತದೆ. ಹಾಳಾದದ್ದೆಲ್ಲ ಒಣಗಲು ಕಡಿಮೆ ಹೊತ್ತು ಸಿಕ್ಕಿದ ತಟ್ಟೆಗಳೇ ಆಗಿದ್ದರೆ ದಾರಿ ಒಂದು, ಎಲ್ಲ ಬಗೆಯವೂ ಸಮವಾಗಿ ಹಾಳಾಗಿದ್ದರೆ ಹಾಳೆಯ ಕಡೆಗೋ ಅಂಗಡಿಯ ಕಡೆಗೋ ನೋಡಬೇಕು. ಹಾಗಾಗಿ ಈ ವಾರದ ತೀರ್ಮಾನ "ಬೂಷ್ಟು ತಡೆಯುವುದು" ಅಲ್ಲ, ಅದು ಈ ವಾರ ಆಗುವ ಕೆಲಸವೂ ಅಲ್ಲ. ಮಾಹಿತಿ ಇಲ್ಲದ ವಿಷಯದಲ್ಲಿ ಸಭೆಯ ತೀರ್ಮಾನ ಎಂದರೆ ಮಾಹಿತಿ ತರುವ ಕೆಲಸವನ್ನು ಒಬ್ಬರಿಗೆ ಒಪ್ಪಿಸುವುದು.

ಪುಸ್ತಕದಲ್ಲಿ ಬರುವುದು ಹೀಗೆ:

"1. ಬುಧವಾರದಿಂದ ಕಟ್ಟುವ ಪ್ರತಿ ಪೆಟ್ಟಿಗೆಯ ಮೇಲೆ ಒತ್ತಿದ ದಿನಾಂಕ, ಪ್ರೆಸ್ ಸಂಖ್ಯೆ, ಒಣಗಿಸಿದ ಗಂಟೆ ಬರೆದಿರಬೇಕು. ಹೊಣೆ: ಪ್ಯಾಕಿಂಗಿನವರು (ಒಬ್ಬರ ಹೆಸರು). ಮಂಗಳವಾರ ಐದು ಪೆಟ್ಟಿಗೆ ತೆಗೆದು ತೋರಿಸಬೇಕು.

2. ಗೋಡೌನಿನ ಕೆಳಗಿನ ಸಾಲಿನ ಹಾಳೆ ಕಟ್ಟುಗಳನ್ನು ಮರದ ಹಲಗೆಯ ಮೇಲೆ ಎತ್ತಿ ಇಟ್ಟಿರಬೇಕು. ಹೊಣೆ: ಹಾಳೆ ತರಿಸುವವರು. ಶುಕ್ರವಾರ ಸಂಜೆಯೊಳಗೆ.

3. ಡ್ರೈಯರ್‌ಗೆ ಸಾಲ, ಸಹಾಯಧನ ಇದೆಯೇ ಎಂದು ಕಾಸರಗೋಡಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ ಬೇಕಾದ ಕಾಗದಗಳ ಪಟ್ಟಿ ತಂದಿರಬೇಕು. ಹೊಣೆ: ಲೆಕ್ಕದವರು. ಸೋಮವಾರದೊಳಗೆ."

ಮೂರರಲ್ಲೂ ಕೆಲಸ ಮುಗಿದಾಗ ಕಣ್ಣಿಗೆ ಏನು ಕಾಣಬೇಕು ಎಂಬುದು ಬರೆದಿದೆ. ನೋಡುವುದು, ಗಮನಿಸುವುದು, ಪ್ರಯತ್ನಿಸುವುದು, ಚರ್ಚಿಸುವುದು ಎಂದು ಮುಗಿಯುವ ಸಾಲನ್ನು ಬರೆಯಲು ಬಿಡಬೇಡಿ, ಆಯಿತೋ ಇಲ್ಲವೋ ಎಂದು ಅದನ್ನು ಯಾರೂ ಪರೀಕ್ಷಿಸಲಾರರು. ಪ್ರತಿ ಕೆಲಸಕ್ಕೆ ಒಂದೇ ಹೆಸರು. ಸಹಾಯಕ್ಕೆ ನಾಲ್ಕು ಜನ ಸೇರಲಿ, ಕೇಳಿದಾಗ ಉತ್ತರ ಹೇಳುವವರು ಒಬ್ಬರೇ. ಮುಂದಿನ ಸಭೆಯೊಳಗೆ ಮುಗಿಯದಷ್ಟು ದೊಡ್ಡ ಕೆಲಸವಾದರೆ ಅದರ ಮೊದಲ ತುಂಡನ್ನು ಮಾತ್ರ ಬರೆಯಿರಿ. ಡ್ರೈಯರ್ ಕೊಳ್ಳುವುದು ತಿಂಗಳುಗಟ್ಟಲೆಯ ಮಾತು, ಕಾಗದಗಳ ಪಟ್ಟಿ ತರುವುದು ಒಂದು ದಿನದ್ದು. ಒಬ್ಬರ ಮೇಲೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಹೊರಿಸಬೇಡಿ, ಅವರಿಗೆ ದಿನದ ಕೆಲಸವೂ ಇದೆ.

ಕೊನೆಯ ಏಳು ನಿಮಿಷದ ಓದು ನಮ್ಮ ಕಾಸರಗೋಡಿನಲ್ಲಿ ಬೇರೆ ಕಡೆಗಿಂತ ಹೆಚ್ಚು ಅಗತ್ಯ. ಸಭೆ ತುಳುವಿನಲ್ಲಿ ನಡೆಯುತ್ತದೆ, ಪುಸ್ತಕ ಕನ್ನಡದಲ್ಲಿ ಇರುತ್ತದೆ, ಶಾಲೆಯಲ್ಲಿ ಮಲಯಾಳ ಓದಿದವರು ಕೆಲವರಾದರೂ ಇರುತ್ತಾರೆ. ಕನ್ನಡದಲ್ಲಿ ಬರೆದದ್ದನ್ನು ಅವರು ಓದಲಾರರು, ಓದಲಾರೆ ಎಂದು ಹೇಳಲೂ ಆರರು. ಆದ್ದರಿಂದ ನೀವು ಓದಿ ಮುಗಿಸಿದರೆ ಸಾಲದು. ಒಬ್ಬೊಬ್ಬರೂ ತಮ್ಮ ಕೆಲಸ ಮತ್ತು ದಿನವನ್ನು ತಮ್ಮ ಮಾತಿನಲ್ಲಿ, ತಮಗೆ ಬರುವ ಭಾಷೆಯಲ್ಲಿ ಹೇಳಬೇಕು. ನೀವು ಅಂದುಕೊಂಡದ್ದೊಂದು, ಅವರು ತಿಳಿದುಕೊಂಡದ್ದು ಇನ್ನೊಂದು ಎಂಬುದು ಆಗಲೇ ಹೊರಗೆ ಬರುತ್ತದೆ. "ಒಣಗಿಸಿದ ಗಂಟೆ" ಎಂದರೆ ಒಣಗಲು ಇಟ್ಟ ಹೊತ್ತೋ, ಒಟ್ಟು ಎಷ್ಟು ಗಂಟೆಯೋ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಮುಂದಿನ ಮಂಗಳವಾರ ಉಪಯೋಗಕ್ಕೆ ಬಾರದ ಅಂಕೆಗಳನ್ನು ನೋಡುವ ಬದಲು ಈಗಲೇ ಅದು ಇತ್ಯರ್ಥವಾಗಲಿ.

ಪುಸ್ತಕದ ಪದ್ಧತಿಯಲ್ಲೂ ಒಂದು ಬದಲಾವಣೆ ಬೇಕು. ಪ್ರತಿ ವಾರ ಹೊಸ ಪುಟ ತೆರೆದು ಬರೆದರೆ ಹಳೆಯ ಪುಟದ ಬಾಕಿ ಅಲ್ಲೇ ಹೂತುಹೋಗುತ್ತದೆ. ವಾರ ವಾರದ ನಡಾವಳಿ ಬೇಕಿದ್ದರೆ ಬೇರೆ ಇಡಿ. ಬಾಕಿ ಕೆಲಸಗಳಿಗೆ ಮುರಿಯದೆ ಮುಂದುವರಿಯುವ ಒಂದೇ ಪಟ್ಟಿ ಇರಲಿ: ಸಂಖ್ಯೆ, ಕೆಲಸ, ಹೆಸರು, ದಿನ, ಸ್ಥಿತಿ. ದಿನ ಮುಂದೆ ಹೋದರೆ ಹಳೆಯ ದಿನವನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಎಷ್ಟು ಸಲ ಮುಂದೆ ಹೋಯಿತು ಎಂಬುದು ಆ ಗೆರೆಗಳಲ್ಲೇ ಕಾಣುತ್ತದೆ. ಸಭೆ ಮುಗಿದ ಕೂಡಲೇ ಪಟ್ಟಿಯ ಫೋಟೋ ತೆಗೆದು ಗುಂಪಿಗೆ ಹಾಕಿ.

ಮಂಗಳವಾರದ ಮೊದಲ ಎಂಟು ನಿಮಿಷದಲ್ಲಿ ಪ್ರತಿ ಕೆಲಸಕ್ಕೆ ಮೂರೇ ಉತ್ತರ: ಆಯಿತು, ಆಗಲಿಲ್ಲ, ಇನ್ನು ಬೇಡ. "ಆಗ್ತಾ ಉಂಟು" ಎಂಬ ಉತ್ತರವನ್ನು "ಆಗಲಿಲ್ಲ" ಎಂದೇ ಬರೆದುಕೊಳ್ಳಿ. ಯಾಕೆ ಆಗಲಿಲ್ಲ ಎಂಬ ವಿಚಾರಣೆ ಅಲ್ಲಿ ಬೇಡ, ಹೊಸ ದಿನ ಕೇಳಿ ಮುಂದೆ ಹೋಗಿ. ಎಲ್ಲರೆದುರು ವಿಚಾರಣೆ ನಡೆದರೆ ಮುಂದಿನ ವಾರದಿಂದ ಸುಳ್ಳು "ಆಯಿತು"ಗಳು ಬರತೊಡಗುತ್ತವೆ. ಎರಡನೆಯ ಗೆರೆ ಬಿದ್ದ ಕೆಲಸದಲ್ಲಿ ಮಾತ್ರ ನಿಲ್ಲಿ. ಕೆಲಸ ದೊಡ್ಡದಾಯಿತೇ? ಹಾಗಿದ್ದರೆ ತುಂಡು ಮಾಡಿ. ಹಣವೋ ಜನವೋ ಬೇಕಿತ್ತೇ? ಕೊಡಿ. ಅದು ನಿಜವಾಗಿ ಬೇಕಾದದ್ದೇ ಅಲ್ಲವೇ? ಎಲ್ಲರೆದುರು ಹೊಡೆದುಹಾಕಿ. ಹೊಡೆದುಹಾಕುವುದಕ್ಕೆ ಸಂಕೋಚ ಬೇಡ. ಯಾರೂ ಮಾಡದ ಹತ್ತು ಸಾಲು ಪಟ್ಟಿಯಲ್ಲಿ ಉಳಿದರೆ ಹನ್ನೊಂದನೆಯ ಸಾಲನ್ನೂ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ವಾರದ ನಡುವೆ ಒಮ್ಮೆ, ಶುಕ್ರವಾರ ಬೆಳಿಗ್ಗೆ, ಪಟ್ಟಿ ಹಿಡಿದು ಒಂದು ಸುತ್ತು ಬನ್ನಿ. "ಆಯಿತಾ?" ಎಂದು ಕೇಳಿದರೆ ಆಗುತ್ತದೆ ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. "ಏನಾದರೂ ಅಡ್ಡ ಬಂತಾ?" ಎಂದು ಕೇಳಿ. ಹಲಗೆ ಸಿಗಲಿಲ್ಲ, ಮಾರ್ಕರ್ ಪೆನ್ನಿನ ಶಾಯಿ ಪೆಟ್ಟಿಗೆಯ ಮೇಲೆ ನಿಲ್ಲುವುದಿಲ್ಲ ಎಂಬಂಥದ್ದು ಆಗ ಬಾಯಿಗೆ ಬರುತ್ತದೆ. ಶುಕ್ರವಾರ ಗೊತ್ತಾದರೆ ಶನಿವಾರ ಸರಿಪಡಿಸಬಹುದು. ಮಂಗಳವಾರ ಗೊತ್ತಾದರೆ ಒಂದು ವಾರ ಹೋಯಿತು.

ಈ ಸಭೆಗೆ ತರಬಾರದ ಎರಡು ವಿಷಯಗಳಿವೆ. ಹೀಟರ್ ಕೆಟ್ಟಿತು, ಕರೆಂಟ್ ಇಲ್ಲ, ಲಾರಿ ಬರಲಿಲ್ಲ ಎಂಬವು ಮಂಗಳವಾರಕ್ಕೆ ಕಾಯಬಾರದು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ನಿಂತುಕೊಂಡೇ ಐದು ನಿಮಿಷ ಮಾತಾಡಿ ಮುಗಿಸಿ. ಇಬ್ಬರ ನಡುವಿನ ಮನಸ್ತಾಪ, ಕೂಲಿಯ ತಕರಾರು ಇದ್ದರೆ ಅವರನ್ನು ಬೇರೆ ಕೂರಿಸಿ ಮಾತಾಡಿ.

ನಾಲ್ಕು ವಾರ ಆದ ಮೇಲೆ ಪಟ್ಟಿಯಲ್ಲಿ ಎರಡು ಸಂಗತಿ ಎಣಿಸಿ. ಹೇಳಿದ ದಿನಕ್ಕೆ ಮುಗಿದ ಕೆಲಸಗಳು ಒಟ್ಟಿನ ಅರ್ಧಕ್ಕಿಂತ ಕಡಿಮೆ ಇದ್ದರೆ ನೀವು ಕೆಲಸ ಜಾಸ್ತಿ ಹಂಚುತ್ತಿದ್ದೀರಿ ಅಥವಾ ಅಸ್ಪಷ್ಟವಾಗಿ ಬರೆಯುತ್ತಿದ್ದೀರಿ. ಒಂದೇ ಪ್ರಶ್ನೆ ಮೂರು ವಾರ ಬಂದಿದ್ದರೆ ಮೇಲೆ ಹೇಳಿದ ಮೂರು ಕಾರಣಗಳಲ್ಲಿ ಯಾವುದೆಂದು ಹುಡುಕಿ.

ಬದಲಾವಣೆಗೆ ಆಟಿ ತಿಂಗಳು ಒಳ್ಳೆಯದು. ಮದುವೆ ಇಲ್ಲ, ಆರ್ಡರ್ ಕಡಿಮೆ, ಚೌತಿಯ ಗಡಿಬಿಡಿ ಬರುವಷ್ಟರಲ್ಲಿ ಪದ್ಧತಿ ಕೈಗೆ ಹತ್ತಿರುತ್ತದೆ. ಮೊದಲ ಮಂಗಳವಾರಕ್ಕೆ ಮುಂಚೆ ಒಂದು ಸಂಜೆ ಮಾವನವರ ಜೊತೆ ಕೂತು ಪುಸ್ತಕದ ಜೂನ್‌ನಿಂದ ಈಚೆಗಿನ ಪುಟಗಳಲ್ಲಿರುವ ತೀರ್ಮಾನಗಳನ್ನೆಲ್ಲ ಹೊಸ ಪಟ್ಟಿಗೆ ಇಳಿಸಿ. ಬಹಳಷ್ಟನ್ನು ನೀವಿಬ್ಬರೇ ಹೊಡೆದುಹಾಕುತ್ತೀರಿ. ಉಳಿದದ್ದರಲ್ಲಿ ಐದಾರನ್ನು ಆರಿಸಿ, ಮುಗಿದಾಗ ಏನು ಕಾಣಬೇಕು ಎಂದು ತಿದ್ದಿ ಬರೆದು, ಹೆಸರಿನ ಜಾಗ ಖಾಲಿ ಬಿಡಿ. ಹೆಸರು ಮಾತ್ರ ಸಭೆಯಲ್ಲಿ, ಅವರವರು ಒಪ್ಪಿ ಹೇಳಿದ ಮೇಲೆಯೇ ತುಂಬಬೇಕು.